ಸೊನ್ನೆಗೆ ಮರಳಬೇಕಾದ ಕ್ಯೂಬಿಟ್

ಆ್ಯಂಡ್ ಗೇಟಿಗೆ ಎರಡು ಬಿಟ್ ಕೊಟ್ಟರೆ ಒಂದು ಬಿಟ್ ಉತ್ತರ ಬರುತ್ತದೆ. ಎರಡೂ 1 ಆಗಿದ್ದರೆ 1, ಇಲ್ಲದಿದ್ದರೆ 0. ಈಗ ಉತ್ತರವನ್ನಷ್ಟೇ ತೋರಿಸಿ, ಒಳಗೆ ಹೋದದ್ದು ಏನು ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತದೆಯೇ? ಉತ್ತರ 1 ಆಗಿದ್ದರೆ ಬರುತ್ತದೆ. 0 ಆಗಿದ್ದರೆ ಬರುವುದಿಲ್ಲ. 00, 01, 10 ಈ ಮೂರರಲ್ಲಿ ಯಾವುದಾದರೂ ಆಗಿರಬಹುದು. ಗೇಟು ತನ್ನ ಹಿಂದಿನ ಸ್ಥಿತಿಯನ್ನು ಮರೆತುಬಿಟ್ಟಿದೆ.

ನಮ್ಮ ಫೋನಿನ ಚಿಪ್ಪಿನೊಳಗೆ ಈ ಮರೆವು ಎಡೆಬಿಡದೆ ನಡೆಯುತ್ತಿರುತ್ತದೆ. ಅದಕ್ಕೂ ಒಂದು ಬೆಲೆ ಇದೆ ಎಂದು 1961ರಲ್ಲಿ ತೋರಿಸಿದವರು ಐಬಿಎಂನ ಭೌತವಿಜ್ಞಾನಿ ರೋಲ್ಫ್ ಲ್ಯಾಂಡಾವರ್. ಒಂದು ಬಿಟ್ ಮಾಹಿತಿ ಅಳಿಸಿಹೋದರೆ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕು ಎಂದು ಅವರು ಲೆಕ್ಕ ಕೊಟ್ಟರು. ಕೋಣೆಯ ಉಷ್ಣಾಂಶದಲ್ಲಿ ಅದು ಸುಮಾರು 3 × 10⁻²¹ ಜೂಲ್. ಇಂದಿನ ಚಿಪ್ಪುಗಳು ಬೇರೆ ಕಾರಣಗಳಿಂದ ವ್ಯಯಮಾಡುವ ಶಕ್ತಿಯ ಮುಂದೆ ಇದು ಏನೇನೂ ಅಲ್ಲ. ಆದ್ದರಿಂದ ಸಾಮಾನ್ಯ ಕಂಪ್ಯೂಟರ್ ಕಟ್ಟುವವರು ಗೇಟುಗಳ ಮರೆವಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಕ್ವಾಂಟಮ್ ಕಂಪ್ಯೂಟರಿನಲ್ಲಿ ಆ ಸವಲತ್ತು ಇಲ್ಲ. ಅಳತೆ ಮಾಡದೆ ಬಿಟ್ಟ ಕ್ಯೂಬಿಟ್‌ಗಳ ಮೇಲೆ ಏನೇ ಕ್ರಿಯೆ ನಡೆದರೂ ಅದನ್ನು ಹಿಂದಕ್ಕೆ ಓಡಿಸಲು ಬರಬೇಕು. ಕ್ವಾಂಟಮ್ ಸಿದ್ಧಾಂತದ ಸಮೀಕರಣವೇ ಹಾಗಿದೆ. ಎರಡು ಬೇರೆ ಬೇರೆ ಸ್ಥಿತಿಗಳು ಒಳಗೆ ಹೋಗಿ ಒಂದೇ ಸ್ಥಿತಿಯಾಗಿ ಹೊರಬರುವಂತಿಲ್ಲ. ಹಾಗಿದ್ದಮೇಲೆ ಆ್ಯಂಡ್ ಗೇಟನ್ನು ಅದು ಇರುವಂತೆಯೇ ಕ್ವಾಂಟಮ್ ಸರ್ಕ್ಯೂಟಿನೊಳಗೆ ಕೂರಿಸಲು ಆಗುವುದಿಲ್ಲ. ಆದರೆ ಕ್ವಾಂಟಮ್ ಅಲ್ಗಾರಿದಮ್‌ಗಳ ಹೊಟ್ಟೆಯೊಳಗೆ ಇರುವುದು ಬಹುಪಾಲು ಸಾಮಾನ್ಯ ಲೆಕ್ಕವೇ. ಸಂಖ್ಯೆಯ ಅಪವರ್ತನಗಳನ್ನು ಹುಡುಕುವ ಶೋರ್ ಅಲ್ಗಾರಿದಮ್ಮಿನ ಮುಖ್ಯ ಶ್ರಮ ಕೂಡುವುದು, ಗುಣಿಸುವುದು, ಶೇಷ ತೆಗೆಯುವುದು. ಈ ಕೂಡು-ಗುಣಿಸುಗಳನ್ನು ಮರೆವಿಲ್ಲದ ಗೇಟುಗಳಲ್ಲಿ ಬರೆಯುವುದು ಹೇಗೆ, ಬರೆದಮೇಲೆ ಉಳಿಯುವ ಕಸವನ್ನು ಏನು ಮಾಡುವುದು ಎಂಬುದೇ ಈ ಅಧ್ಯಾಯದ ವಿಷಯ. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹೆಚ್ಚು ಆಳವಾದದ್ದು. ಹಾಗಾಗಿ ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲುತ್ತೇನೆ.

ಮೊದಲು ಗೇಟು. ಎಂಐಟಿಯಲ್ಲಿದ್ದ ಟೊಮಾಸೊ ಟೊಫೋಲಿ 1980ರಲ್ಲಿ ವಿವರಿಸಿದ ಮೂರು ಬಿಟ್‌ಗಳ ಗೇಟು ಇಂದು ಅವರ ಹೆಸರಿನಲ್ಲೇ ಇದೆ. ಕೆಲಸ ಸರಳ: a ಮತ್ತು b ಎರಡೂ 1 ಆಗಿದ್ದರೆ c ತಿರುಗುತ್ತದೆ, ಅಂದರೆ 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0 ಆಗುತ್ತದೆ. ಉಳಿದ ಯಾವ ಸಂದರ್ಭದಲ್ಲೂ ಏನೂ ಆಗುವುದಿಲ್ಲ. a, b ಇದ್ದಂತೆಯೇ ಹೊರಬರುತ್ತವೆ. ಸೂತ್ರದಲ್ಲಿ ಹೇಳುವುದಾದರೆ:

(a, b, c) → (a, b, c ⊕ ab)

ಇಲ್ಲಿ ⊕ ಎಂದರೆ ಎಕ್ಸಾರ್, ಕ್ಯಾರಿ ಒಯ್ಯದ ಎರಡರ ಮಾನದ ಕೂಡುವಿಕೆ. ಮೂರು ಬಿಟ್‌ಗಳಿಗೆ ಎಂಟು ಸಾಲುಗಳ ಕೋಷ್ಟಕ ಬರೆದರೆ ಆರು ಸಾಲು ತಮ್ಮ ಜಾಗದಲ್ಲೇ ಕೂತಿರುತ್ತವೆ. 110 ಮತ್ತು 111 ಮಾತ್ರ ಜಾಗ ಬದಲಿಸಿಕೊಳ್ಳುತ್ತವೆ. ಯಾವ ಎರಡು ಸಾಲೂ ಒಂದಾಗುವುದಿಲ್ಲ, ಆದ್ದರಿಂದ ಮರೆವಿಲ್ಲ. ಅದೇ ಗೇಟನ್ನು ಇನ್ನೊಮ್ಮೆ ಹಾಕಿದರೆ ತಿರುಗಿದ c ಮತ್ತೆ ತಿರುಗಿ ಮೊದಲಿನಂತಾಗುತ್ತದೆ. ಟೊಫೋಲಿ ಗೇಟನ್ನು ಬಿಚ್ಚುವುದೂ ಅದೇ ಗೇಟು. ಈ ಗುಣ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

c ಜಾಗದಲ್ಲಿ 0 ಇಟ್ಟರೆ ಅಲ್ಲಿ ಹೊರಬರುವುದು ab, ಅಂದರೆ ನಮಗೆ ಬೇಕಿದ್ದ ಆ್ಯಂಡ್. 1 ಇಟ್ಟರೆ ನ್ಯಾಂಡ್. ನ್ಯಾಂಡ್ ಒಂದಿದ್ದರೆ ಯಾವ ತರ್ಕವನ್ನೂ ಕಟ್ಟಬಹುದು ಎಂಬುದು ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಗೊತ್ತು. ಹಾಗಾಗಿ 0 ಮತ್ತು 1ರಲ್ಲಿ ನಿಂತ ಹೆಚ್ಚುವರಿ ಬಿಟ್‌ಗಳನ್ನು ಒದಗಿಸುತ್ತಾ ಹೋದರೆ, ಟೊಫೋಲಿ ಗೇಟೊಂದರಿಂದಲೇ ಎಂಥ ಲೆಕ್ಕವನ್ನಾದರೂ ಮರೆವಿಲ್ಲದೆ ಮಾಡಬಹುದು.

ಮೂರು ಬಿಟ್ ಏಕೆ, ಎರಡು ಸಾಲದೇ ಎಂದು ಕೇಳುವುದು ಸಹಜ. ಎರಡು ಬಿಟ್‌ಗಳ ಮರೆವಿಲ್ಲದ ಗೇಟುಗಳಲ್ಲಿ ಸಿ-ನಾಟ್ ಪ್ರಸಿದ್ಧವಾದದ್ದು. a 1 ಆಗಿದ್ದರೆ b ತಿರುಗುತ್ತದೆ, ಅಷ್ಟೆ. ಇಂಥ ಗೇಟುಗಳನ್ನು ಎಷ್ಟೇ ಜೋಡಿಸಿದರೂ ಒಂದು ಲಕ್ಷಣ ಹೋಗುವುದಿಲ್ಲ: ಒಳಬರುವ ಒಂದು ಬಿಟ್ಟನ್ನು ತಿರುಗಿಸಿದರೆ ಹೊರಬರುವ ಒಂದು ನಿರ್ದಿಷ್ಟ ಬಿಟ್ ಯಾವಾಗಲೂ ತಿರುಗುತ್ತದೆ, ಅಥವಾ ಎಂದೂ ತಿರುಗುವುದಿಲ್ಲ. ಆ್ಯಂಡ್ ಹಾಗಲ್ಲ. b ತಿರುಗಿದಾಗ ಉತ್ತರ ತಿರುಗುತ್ತದೆಯೋ ಇಲ್ಲವೋ ಎಂಬುದು a ಏನಿದೆ ಎಂಬುದರ ಮೇಲೆ ನಿಂತಿದೆ. ಈ ಅವಲಂಬನೆಯನ್ನು ಎರಡು ಬಿಟ್‌ಗಳ ಗೇಟುಗಳಿಂದ ತರಲು ಸಾಧ್ಯವಿಲ್ಲ. 0 ಮತ್ತು 1ರ ಲೋಕದಲ್ಲಷ್ಟೇ ಇದ್ದರೆ ಮೂರನೆಯ ಬಿಟ್ ಬೇಕೇ ಬೇಕು.

ಈಗ ಆ ಹೆಚ್ಚುವರಿ ಬಿಟ್‌ಗಳ ಕಡೆ ಬರೋಣ. ಕ್ವಾಂಟಮ್ ಸರ್ಕ್ಯೂಟಿನಲ್ಲಿ ಇವುಗಳನ್ನು ಆನ್ಸಿಲ್ಲಾ ಕ್ಯೂಬಿಟ್ ಎನ್ನುತ್ತಾರೆ. ನಾನು ಸಹಾಯಕ ಕ್ಯೂಬಿಟ್ ಎಂದು ಬರೆಯುತ್ತೇನೆ. ಇವು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಮಧ್ಯದ ಲೆಕ್ಕ ಬರೆದುಕೊಳ್ಳಲು 0 ಸ್ಥಿತಿಯಲ್ಲಿ ಒದಗಿಸಿದ ಜಾಗ. ಎಲ್ಲಕ್ಕಿಂತ ಚಿಕ್ಕ ಉದಾಹರಣೆ ತೆಗೆದುಕೊಳ್ಳೋಣ. x₁, x₂, x₃ ಮೂರೂ 1 ಆಗಿವೆಯೇ ಎಂದು ಪರೀಕ್ಷಿಸಿ ಉತ್ತರವನ್ನು y ಎಂಬ ಕ್ಯೂಬಿಟ್‌ನಲ್ಲಿ ಬರೆಯಬೇಕು. ಟೊಫೋಲಿಗೆ ಎರಡನ್ನೇ ಒಮ್ಮೆಗೆ ನೋಡಲು ಬರುವುದು. ಹಾಗಾಗಿ ಸಹಾಯಕ w ಒಂದನ್ನು ತಂದು, ಮೊದಲು x₁ ಮತ್ತು x₂ಗಳ ಆ್ಯಂಡ್ ಅನ್ನು wನಲ್ಲಿ ಬರೆಯುತ್ತೇವೆ. ಆಮೇಲೆ w ಮತ್ತು x₃ಗಳ ಆ್ಯಂಡ್ ಅನ್ನು yಗೆ ಕೂಡಿಸುತ್ತೇವೆ. ಎರಡು ಟೊಫೋಲಿಗಳಲ್ಲಿ ಉತ್ತರ ಸಿಕ್ಕಿತು.

ಸಾಮಾನ್ಯ ಪ್ರೋಗ್ರಾಮರ್ ಇಲ್ಲಿಗೆ ಕೆಲಸ ಮುಗಿಯಿತು ಎನ್ನುತ್ತಾನೆ. y ಸರಿಯಾಗಿದೆ, wನಲ್ಲಿ ಏನಿದ್ದರೆ ನಮಗೇನು? ಆದರೆ wನಲ್ಲಿ x₁x₂ ಎಂಬ ಬಿಟ್ ಉಳಿದುಕೊಂಡಿದೆ. ಇದು ಕಸ. ಕ್ವಾಂಟಮ್ ಲೆಕ್ಕದಲ್ಲಿ ಆ ಕಸ ಸುಮ್ಮನೆ ಕೂತಿದ್ದರೂ ಉತ್ತರವನ್ನು ಕೆಡಿಸುತ್ತದೆ. ಹೇಗೆ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು.

ಮೂರು ಕ್ಯೂಬಿಟ್‌ಗಳ ಮೇಲೆ ಗ್ರೋವರ್ ಹುಡುಕಾಟ ನಡೆಸೋಣ. 000ದಿಂದ 111ರವರೆಗೆ ಎಂಟು ಸಾಧ್ಯತೆಗಳಿವೆ; ನಮಗೆ ಬೇಕಾದದ್ದು 111. ಆರಂಭದಲ್ಲಿ ಮೂರಕ್ಕೂ ಹ್ಯಾಡಮಾರ್ಡ್ ಗೇಟ್ ಹಾಕಿದರೆ ಎಂಟೂ ಸಾಧ್ಯತೆಗಳು ಸಮಪಾಲಿನಲ್ಲಿ ಸೂಪರ್‌ಪೊಸಿಷನ್‌ಗೆ ಬರುತ್ತವೆ. ಪ್ರತಿಯೊಂದರ ಆಂಪ್ಲಿಟ್ಯೂಡ್ ಅನ್ನು ಲೆಕ್ಕದ ಅನುಕೂಲಕ್ಕಾಗಿ 1 ಎಂದಿಟ್ಟುಕೊಳ್ಳೋಣ. ಆಂಪ್ಲಿಟ್ಯೂಡಿನ ವರ್ಗವನ್ನು 8ರಿಂದ ಭಾಗಿಸಿದರೆ ಸಂಭವನೀಯತೆ ಸಿಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಹುಡುಕಾಟದ ಒಂದು ಸುತ್ತಿನಲ್ಲಿ ಎರಡು ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಮೇಲಿನ ಪರೀಕ್ಷೆಯ ಸರ್ಕ್ಯೂಟು ಓಡುತ್ತದೆ. y ಕ್ಯೂಬಿಟ್ಟನ್ನು ಮೊದಲೇ ಒಂದು ವಿಶೇಷ ಸ್ಥಿತಿಯಲ್ಲಿ, ಅಂದರೆ 0 ಮತ್ತು 1ರ ನಡುವೆ ಋಣ ಚಿಹ್ನೆ ಇರುವ ಸೂಪರ್‌ಪೊಸಿಷನ್‌ನಲ್ಲಿ ಇಟ್ಟಿರುತ್ತಾರೆ. ಅದನ್ನು ತಿರುಗಿಸಿದರೆ ಅದು ಬದಲಾಗುವುದಿಲ್ಲ, ಇಡೀ ದಾರಿಯ ಚಿಹ್ನೆ ಮಾತ್ರ ಬದಲಾಗುತ್ತದೆ. ಹೀಗಾಗಿ 111ರ ಆಂಪ್ಲಿಟ್ಯೂಡ್ −1 ಆಗುತ್ತದೆ, ಉಳಿದ ಏಳು 1 ಆಗಿಯೇ ಇರುತ್ತವೆ. ಎರಡನೆಯ ಹೆಜ್ಜೆ ಎಲ್ಲವನ್ನೂ ಸರಾಸರಿಯ ಸುತ್ತ ಮಗುಚುತ್ತದೆ: ಹೊಸ ಆಂಪ್ಲಿಟ್ಯೂಡ್ ಎಂದರೆ ಸರಾಸರಿಯ ಎರಡರಷ್ಟರಲ್ಲಿ ಹಳೆಯದನ್ನು ಕಳೆದದ್ದು.

ಸಹಾಯಕ w ಸ್ವಚ್ಛವಾಗಿದ್ದರೆ ಲೆಕ್ಕ ಹೀಗೆ. ಏಳು 1 ಮತ್ತು ಒಂದು −1 ಕೂಡಿದರೆ 6; ಸರಾಸರಿ 0.75, ಅದರ ಎರಡರಷ್ಟು 1.5. ಏಳು ತಪ್ಪು ಉತ್ತರಗಳಿಗೆ 1.5 − 1 = 0.5. 111ಕ್ಕೆ 1.5 + 1 = 2.5. ವರ್ಗ ಮಾಡಿ 8ರಿಂದ ಭಾಗಿಸಿದರೆ 111 ಸಿಗುವ ಸಂಭವನೀಯತೆ ಶೇ. 78.1. ಉಳಿದ ಏಳರಲ್ಲಿ ಪ್ರತಿಯೊಂದಕ್ಕೂ ಶೇ. 3.1 ಮಾತ್ರ. ಒಂದೇ ಸುತ್ತಿಗೆ ಇಷ್ಟು. ಇನ್ನೊಂದು ಸುತ್ತು ಓಡಿಸಿದರೆ ಶೇ. 94.5ಕ್ಕೆ ಏರುತ್ತದೆ.

ಈಗ wನಲ್ಲಿ ಕಸ ಉಳಿದಿದ್ದರೆ ಏನಾಗುತ್ತದೆ ನೋಡಿ. 110 ಮತ್ತು 111 ಎಂಬ ಎರಡು ದಾರಿಗಳಲ್ಲಿ w ಈಗ 1. ಉಳಿದ ಆರರಲ್ಲಿ 0. ಎಂಟು ದಾರಿಗಳು ಎರಡು ಗುಂಪಾಗಿ ಒಡೆದಿವೆ. ಸರಾಸರಿ ತೆಗೆಯುವ ಹೆಜ್ಜೆ x ಕ್ಯೂಬಿಟ್‌ಗಳನ್ನು ಮಾತ್ರ ಮುಟ್ಟುತ್ತದೆ, wನ್ನು ಮುಟ್ಟುವುದಿಲ್ಲ. ಆದ್ದರಿಂದ ಪ್ರತಿ ಗುಂಪಿಗೂ ತನ್ನದೇ ಸರಾಸರಿ. ಮೊದಲ ಗುಂಪಿನಲ್ಲಿ ಆರು 1, ಎರಡು ಖಾಲಿ ಜಾಗ. ಒಟ್ಟು 6, ಸರಾಸರಿ ಮತ್ತೆ 0.75. ಆರು ದಾರಿಗಳಿಗೆ 0.5 ಬರುತ್ತದೆ, ಖಾಲಿಯಿದ್ದ 110 ಮತ್ತು 111ಕ್ಕೆ ತಲಾ 1.5 ಬರುತ್ತದೆ. ಎರಡನೆಯ ಗುಂಪಿನಲ್ಲಿ 110ಕ್ಕೆ 1, 111ಕ್ಕೆ −1, ಸರಾಸರಿ ಸೊನ್ನೆ. ಮಗುಚಿದಾಗ 110ಕ್ಕೆ −1, 111ಕ್ಕೆ +1.

ಎರಡೂ ಗುಂಪಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 110ರ ಬಳಿ 1.5 ಮತ್ತು −1 ಇವೆ. 111ರ ಬಳಿ 1.5 ಮತ್ತು +1 ಇವೆ. w ಸ್ವಚ್ಛವಾಗಿದ್ದಾಗ ಇವು ಒಂದಕ್ಕೊಂದು ಕೂಡಿಕೊಂಡು ಮೊದಲನೆಯದು 0.5 ಆಗಿ ಕುಗ್ಗಿತ್ತು, ಎರಡನೆಯದು 2.5 ಆಗಿ ಹಿಗ್ಗಿತ್ತು. ವ್ಯತಿಕರಣ ಎಂದರೆ ಇದೇ. ಈಗ ಒಂದು ಅಂಕಿಗೆ w = 0 ಎಂಬ ಗುರುತು ಅಂಟಿದೆ, ಇನ್ನೊಂದಕ್ಕೆ w = 1 ಎಂಬ ಗುರುತು. ಬೇರೆ ಗುರುತಿನ ಆಂಪ್ಲಿಟ್ಯೂಡ್‌ಗಳು ಕೂಡುವುದಿಲ್ಲ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ವರ್ಗ ಮಾಡಿ ಆಮೇಲೆ ಕೂಡಬೇಕು: 2.25 + 1 = 3.25. ವರ್ಗ ಮಾಡಿದಾಗ ಋಣ ಚಿಹ್ನೆ ಮಾಯವಾಗುವುದರಿಂದ ಎರಡಕ್ಕೂ ಒಂದೇ ಅಂಕಿ. 111 ಬರುವ ಸಂಭವನೀಯತೆ ಶೇ. 40.6, 110 ಬರುವ ಸಂಭವನೀಯತೆಯೂ ಶೇ. 40.6.

ಹುಡುಕಾಟ ಅರ್ಧ ದಾರಿಯಲ್ಲಿ ಕುರುಡಾಗಿದೆ. x₁ ಮತ್ತು x₂ 1 ಆಗಿರಬೇಕು ಎಂಬಷ್ಟನ್ನು ಅದು ಕಂಡುಹಿಡಿಯಿತು. x₃ ಏನಾಗಿರಬೇಕು ಎಂದು ಹೇಳಲು ಅದಕ್ಕೆ ಇನ್ನು ಬರುವುದಿಲ್ಲ. ಉತ್ತರವನ್ನು ಬೇರ್ಪಡಿಸಬೇಕಿದ್ದ ಋಣ ಚಿಹ್ನೆ ಸರಿಯಾದ ಜಾಗದಲ್ಲೇ ಬಿದ್ದಿತ್ತು, ಆದರೆ ಅದು ಕೆಲಸ ಮಾಡಲು ಅವಕಾಶವೇ ಸಿಗಲಿಲ್ಲ. ಯಾರೂ wನ್ನು ಓದಲಿಲ್ಲ, ಅಳೆಯಲಿಲ್ಲ. ಯಾವ ದಾರಿ ಎಂಬ ಸುಳಿವು ಅಲ್ಲಿ ಬರೆದಿಟ್ಟಿದ್ದೇ ಸಾಕಾಯಿತು.

ಪರಿಹಾರ ಸಿಕ್ಕಿದ್ದು ಕ್ವಾಂಟಮ್ ಕಂಪ್ಯೂಟರಿನ ಕಲ್ಪನೆ ಹುಟ್ಟುವುದಕ್ಕೂ ಮೊದಲು. ಲ್ಯಾಂಡಾವರ್ ಅವರ ಸಹೋದ್ಯೋಗಿ ಚಾರ್ಲ್ಸ್ ಬೆನೆಟ್ 1973ರಲ್ಲಿ, ಶಾಖದ ಪ್ರಶ್ನೆಯನ್ನು ಬೆನ್ನಟ್ಟುತ್ತಾ, ಮೂರು ಹಂತದ ಕ್ರಮವೊಂದನ್ನು ಕೊಟ್ಟರು. ಲೆಕ್ಕ ಮಾಡು, ಕಸವನ್ನೆಲ್ಲ ಇಟ್ಟುಕೊಂಡೇ ಇರು. ಉತ್ತರ ಬಂದಮೇಲೆ ಅದನ್ನು ಬೇರೆ ಖಾಲಿ ಜಾಗಕ್ಕೆ ನಕಲು ಮಾಡು. ಆಮೇಲೆ ಇಡೀ ಲೆಕ್ಕವನ್ನು ಕೊನೆಯಿಂದ ಮೊದಲಿನವರೆಗೆ ಹಿಂದಕ್ಕೆ ಬಿಚ್ಚು. ಕಸ ತಾನಾಗಿ ಸೊನ್ನೆಗೆ ಮರಳುತ್ತದೆ, ನಕಲು ಮಾತ್ರ ಉಳಿಯುತ್ತದೆ. ಶಾಖ ಉಳಿಸಲು ಹುಟ್ಟಿದ ಉಪಾಯ ವ್ಯತಿಕರಣವನ್ನು ಉಳಿಸಲು ಬಂತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿಗಳಲ್ಲಿ ಇದು ಒಂದು. (ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಎಂಬ ನಿಯಮಕ್ಕೆ ಇದು ಅಡ್ಡಬರುವುದಿಲ್ಲ. ಇಲ್ಲಿ ನಕಲಾಗುವುದು ಪ್ರತಿ ದಾರಿಯಲ್ಲೂ ಇರುವ 0 ಅಥವಾ 1 ಮಾತ್ರ.)

ನಮ್ಮ ಸರ್ಕ್ಯೂಟಿನಲ್ಲಿ ಬಿಚ್ಚುವುದು ಒಂದೇ ಒಂದು ಗೇಟಿನ ಕೆಲಸ. ಕ್ಯೂಬಿಟ್ 0, 1, 2 ಎಂದರೆ x₁, x₂, x₃. 3 ಎಂದರೆ w. 4 ಎಂದರೆ y. ಕ್ವಿಸ್ಕಿಟ್‌ನಲ್ಲಿ ಬರೆದರೆ ಒಂದು ಸುತ್ತು ಇಷ್ಟೇ:

```python
from qiskit import QuantumCircuit
qc = QuantumCircuit(5)
qc.h([0, 1, 2])
qc.x(4)
qc.h(4)
qc.ccx(0, 1, 3)   # w = x1 x2
qc.ccx(3, 2, 4)   # y
qc.ccx(0, 1, 3)   # w = 0
qc.h([0, 1, 2])
qc.x([0, 1, 2])
qc.ccz(0, 1, 2)
qc.x([0, 1, 2])
qc.h([0, 1, 2])
```

ಮೂರನೆಯ ccx ಮೊದಲನೆಯದರ ನಕಲೇ. ಟೊಫೋಲಿ ತನ್ನನ್ನು ತಾನೇ ಬಿಡಿಸಿಕೊಳ್ಳುವುದರಿಂದ wನಲ್ಲಿದ್ದ x₁x₂ಗೆ ಮತ್ತೊಂದು x₁x₂ ಕೂಡಿ ಸೊನ್ನೆಯಾಗುತ್ತದೆ. ಕೊನೆಯ ಐದು ಸಾಲುಗಳು ಸರಾಸರಿಯ ಸುತ್ತ ಮಗುಚುವ ಹೆಜ್ಜೆ.

ಈ ಮೂರನೆಯ ಗೇಟು ಬಿಟ್ಟುಹೋದರೆ ತಿಳಿಯುವುದು ಹೇಗೆ? ಸಾಮಾನ್ಯ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಅದೇ ಕಷ್ಟ. ಎಂಟೂ ಇನ್‌ಪುಟ್‌ಗಳನ್ನು ಒಂದೊಂದಾಗಿ ಕೊಟ್ಟು y ನೋಡಿದರೆ ಎಂಟಕ್ಕೆ ಎಂಟೂ ಸರಿಯಾಗಿಯೇ ಬರುತ್ತದೆ. ತಪ್ಪು ಹೊರಗೆ ಕಾಣುವುದು ಸೂಪರ್‌ಪೊಸಿಷನ್ ಕೊಟ್ಟಾಗ ಮಾತ್ರ. ಆದ್ದರಿಂದ ಪರೀಕ್ಷೆಯಲ್ಲಿ y ಜೊತೆಗೆ wನ್ನೂ ನೋಡಬೇಕು. ಪ್ರತಿ ಇನ್‌ಪುಟ್‌ಗೂ ಅದು 0 ಎಂದೇ ಓದಬೇಕು. ಕಸ ಉಳಿದ ಸರ್ಕ್ಯೂಟಿನಲ್ಲಿ 110 ಅಥವಾ 111 ಕೊಟ್ಟ ತಕ್ಷಣ w 1 ಎಂದು ಓದಿ ಸಿಕ್ಕಿಬೀಳುತ್ತದೆ. ಸೂಪರ್‌ಪೊಸಿಷನ್‌ನಲ್ಲಿ ಓಡಿಸಿ ಕೊನೆಗೆ w ಅಳೆದರೆ ನಾಲ್ಕರಲ್ಲಿ ಒಂದು ಸಲ 1 ಬರುತ್ತದೆ. ಮೂರು ಕ್ಯೂಬಿಟ್‌ಗೆ ಕಣ್ಣಿಗೆ ಕಾಣುವ ಈ ತಪ್ಪು ನೂರಾರು ಸಹಾಯಕಗಳಿರುವ ಗುಣಾಕಾರದ ಸರ್ಕ್ಯೂಟಿನಲ್ಲಿ ಅಡಗಿ ಕೂರುತ್ತದೆ. ಆದರೆ 0-1ರ ಇನ್‌ಪುಟ್‌ಗಳನ್ನು ಕೊಟ್ಟು ಟೊಫೋಲಿ, ಸಿ-ನಾಟ್‌ಗಳನ್ನಷ್ಟೇ ಓಡಿಸುವುದು ಯಾವ ಲ್ಯಾಪ್‌ಟಾಪಿಗೂ ಕಷ್ಟವಲ್ಲ, ಸರ್ಕ್ಯೂಟಿನಲ್ಲಿ ಸಾವಿರ ಕ್ಯೂಬಿಟ್ ಇದ್ದರೂ ಸರಿ. ಸಹಾಯಕಗಳೆಲ್ಲ ಸೊನ್ನೆಗೆ ಮರಳಿದವೇ ಎಂದು ಹೀಗೆ ಮೊದಲೇ ನೋಡಿಕೊಳ್ಳಬಹುದು.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. wನಲ್ಲಿ ಕಸ ಇದೆಯಲ್ಲವೇ, ರೀಸೆಟ್ ಆಜ್ಞೆ ಕೊಟ್ಟು 0 ಮಾಡಿಬಿಟ್ಟರೆ ಆಯಿತಲ್ಲ ಎಂದು ಅನಿಸುತ್ತದೆ. ಮಾಡಿದರೆ w ನಿಜವಾಗಿಯೂ 0 ಎಂದೇ ಓದುತ್ತದೆ, ಆದರೆ 111 ಮತ್ತು 110 ತಲಾ ಶೇ. 40.6ರಲ್ಲೇ ನಿಲ್ಲುತ್ತವೆ. ರೀಸೆಟ್ ಎಂದರೆ ಒಳಗೆ ಅಳತೆಯೇ. wನಲ್ಲಿದ್ದ ಸುಳಿವು ಅಳಿಯದೆ ಪರಿಸರಕ್ಕೆ ಸೋರಿಹೋಗಿರುತ್ತದೆ. ಕಸವನ್ನು ಒರೆಸುವುದಕ್ಕೂ ಲೆಕ್ಕವನ್ನು ಬಿಚ್ಚುವುದಕ್ಕೂ ಇರುವ ವ್ಯತ್ಯಾಸ ಇಷ್ಟು ದೊಡ್ಡದು. ಹಾಗೆಯೇ ಬಿಚ್ಚುವ ಹೊತ್ತಿಗೆ x₁, x₂ ಮೊದಲಿದ್ದಂತೆಯೇ ಇರಬೇಕು. ಮಧ್ಯದಲ್ಲಿ ಅವುಗಳಲ್ಲಿ ಒಂದಕ್ಕೆ ಹ್ಯಾಡಮಾರ್ಡ್ ಬಿದ್ದಿದ್ದರೆ ಮೂರನೆಯ ಗೇಟು ಬೇರೆಯದೇ ಬಿಟ್ಟನ್ನು ಕೂಡಿಸುತ್ತದೆ ಮತ್ತು w ಸೊನ್ನೆಗೆ ಬರುವುದಿಲ್ಲ.

ಬಿಚ್ಚುವ ಕೆಲಸಕ್ಕೆ ಖರ್ಚಿದೆ. ಮೂರರ ಆ್ಯಂಡ್‌ಗೆ ಒಂದು ಸಹಾಯಕ, ಮೂರು ಟೊಫೋಲಿ. ಇದೇ ರೀತಿ ಸರಪಳಿ ಹೆಣೆದರೆ ಹತ್ತು ಕ್ಯೂಬಿಟ್‌ಗಳ ಆ್ಯಂಡ್‌ಗೆ 8 ಸಹಾಯಕ, 17 ಟೊಫೋಲಿ ಬೇಕು. ಅದರಲ್ಲಿ 8 ಕೇವಲ ಬಿಚ್ಚುವುದಕ್ಕೆ. ಮತ್ತು ಟೊಫೋಲಿ ಯಂತ್ರದಲ್ಲಿ ನೇರವಾಗಿ ಸಿಗುವ ಗೇಟಲ್ಲ. ಹೆಚ್ಚಿನ ಯಂತ್ರಗಳು ಒಮ್ಮೆಗೆ ಎರಡು ಕ್ಯೂಬಿಟ್‌ಗಳನ್ನಷ್ಟೇ ಸೇರಿಸಬಲ್ಲವು. ಸಿ-ನಾಟ್ ಮತ್ತು ಒಂದೊಂದು ಕ್ಯೂಬಿಟ್‌ನ ಗೇಟುಗಳಾಗಿ ಒಡೆದರೆ ಒಂದು ಟೊಫೋಲಿಗೆ 6 ಸಿ-ನಾಟ್ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಆಗದು ಎಂದು ವಿವೇಕ್ ಶೆಂಡೆ ಮತ್ತು ಇಗೋರ್ ಮಾರ್ಕೋವ್ ಸಾಧಿಸಿ ತೋರಿಸಿದ್ದಾರೆ. ಎರಡು ಬಿಟ್ ಸಾಲದು ಎಂದು ಮೇಲೆ ಹೇಳಿದ್ದಕ್ಕೆ ಇದು ವಿರುದ್ಧವಲ್ಲ. ಈ ಒಡೆಯುವಿಕೆಯಲ್ಲಿ ಹ್ಯಾಡಮಾರ್ಡ್ ಮತ್ತು ಟಿ ಎಂಬ ಗೇಟುಗಳು ಸೇರುತ್ತವೆ, ಅವು 0-1ರ ಲೋಕದಿಂದ ಹೊರಗಿನವು.

ಆ ಟಿ ಗೇಟೇ ಮುಂದಿನ ತಲೆನೋವು. ಮೇಲಿನ ಒಡೆಯುವಿಕೆಯಲ್ಲಿ 7 ಟಿ ಗೇಟುಗಳಿವೆ. ದೋಷ ತಿದ್ದಿಕೊಳ್ಳುವ ದೊಡ್ಡ ಯಂತ್ರಗಳ ಸಾಮಾನ್ಯ ವಿನ್ಯಾಸಗಳಲ್ಲಿ ಸಿ-ನಾಟ್, ಹ್ಯಾಡಮಾರ್ಡ್ ಅಗ್ಗ, ಟಿ ದುಬಾರಿ. ಪ್ರತಿ ಟಿ ಗೇಟಿಗೂ ಒಂದು ವಿಶೇಷ ಸ್ಥಿತಿಯನ್ನು ಪ್ರತ್ಯೇಕವಾಗಿ ತಯಾರಿಸಿ, ಶುದ್ಧಮಾಡಿ ಕೊಡಬೇಕಾಗುತ್ತದೆ. ಆದ್ದರಿಂದಲೇ ದೊಡ್ಡ ಕ್ವಾಂಟಮ್ ಲೆಕ್ಕಗಳ ಅಂದಾಜು ಹಾಕುವವರು ಮೊದಲು ಎಣಿಸುವುದು ಟೊಫೋಲಿಗಳನ್ನೇ.

ಇಲ್ಲಿ 2018ರಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಪ್ರಕಟಿಸಿದ ಉಪಾಯವೊಂದು ಗಮನಕ್ಕೆ ತರಬೇಕಾದದ್ದು. ಸ್ವಚ್ಛವಾದ 0ಯಲ್ಲಿ ಆ್ಯಂಡ್ ಬರೆಯುವುದಷ್ಟೇ ಬೇಕಿದ್ದರೆ 7ರ ಬದಲು 4 ಟಿ ಗೇಟು ಸಾಕು. ಮತ್ತು ಬಿಚ್ಚುವಾಗ ಟಿ ಗೇಟೇ ಬೇಡ. wನಲ್ಲಿ x₁x₂ ಇದೆ. ಅದನ್ನು ಹಾಗೆಯೇ ಅಳೆದರೆ ಸುಳಿವು ಸೋರುತ್ತದೆ, ನೋಡಿದ್ದೇವೆ. ಬದಲಿಗೆ ಮೊದಲು wಗೆ ಹ್ಯಾಡಮಾರ್ಡ್ ಹಾಕಿ ಆಮೇಲೆ ಅಳೆಯುತ್ತಾರೆ. ಆಗ w ಮೊದಲು 0 ಆಗಿದ್ದರೂ 1 ಆಗಿದ್ದರೂ ಅಳತೆಯಲ್ಲಿ 0, 1 ಎರಡಕ್ಕೂ ಅರ್ಧರ್ಧ ಅವಕಾಶ; x₁x₂ ಏನಿತ್ತು ಎಂಬ ಸುಳಿವು ಆ ಅಳತೆಯಲ್ಲಿ ಇಲ್ಲ. 0 ಬಂದರೆ ಬಿಚ್ಚಿದಂತೆಯೇ ಆಯಿತು. 1 ಬಂದರೆ x₁, x₂ ಎರಡೂ 1 ಆಗಿದ್ದ ದಾರಿಗಳಿಗೆ ಬೇಡದ ಋಣ ಚಿಹ್ನೆ ಅಂಟಿರುತ್ತದೆ. x₁ ಮತ್ತು x₂ರ ನಡುವೆ ಒಂದು ಸಿ-ಝಡ್ ಗೇಟು ಹಾಕಿದರೆ ಅದು ಹೋಗುತ್ತದೆ. ಸಿ-ಝಡ್ ಅಗ್ಗದ ಗೇಟು. ಹೀಗೆ ಎರಡು ಸಂಖ್ಯೆಗಳನ್ನು ಕೂಡುವ ಸರ್ಕ್ಯೂಟಿನ ಟಿ ಗೇಟುಗಳ ಖರ್ಚು ಅರ್ಧಕ್ಕೆ ಇಳಿಯಿತು. ರೀಸೆಟ್ ಕೂಡ ಅಳತೆ, ಇದೂ ಅಳತೆ. ಒಂದು ಕೆಡಿಸುತ್ತದೆ, ಇನ್ನೊಂದು ಕಾಪಾಡುತ್ತದೆ. ಅಳತೆಯಲ್ಲಿ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಖಾಲಿ ಕ್ಯೂಬಿಟ್ಟೇ ಇಲ್ಲದಿದ್ದರೆ? ಅದಕ್ಕೂ ದಾರಿಯಿದೆ. ಅಡ್ರಿಯಾನೊ ಬರೆಂಕೊ ಮತ್ತು ಸಂಗಡಿಗರು 1995ರ ತಮ್ಮ ಪ್ರಬಂಧದಲ್ಲಿ ಎರವಲು ಸಹಾಯಕದ ವಿಧಾನ ಕೊಟ್ಟಿದ್ದಾರೆ. ಪಕ್ಕದಲ್ಲಿ ಬೇರೆ ಯಾವುದೋ ಲೆಕ್ಕದಲ್ಲಿ ತೊಡಗಿ, ಈ ಕ್ಷಣಕ್ಕೆ ಸುಮ್ಮನಿರುವ ಒಂದು ಕ್ಯೂಬಿಟ್ ಇದೆ ಎನ್ನಿ. ಅದರೊಳಗೆ ಏನಿದೆ ಎಂದು ನಮಗೆ ಗೊತ್ತಿಲ್ಲ. ಅದನ್ನು w ಎಂದೇ ಕರೆಯೋಣ. ಮೊದಲು w ಮತ್ತು x₃ ನೋಡಿ y ತಿರುಗಿಸುವ ಟೊಫೋಲಿ, ಆಮೇಲೆ x₁ ಮತ್ತು x₂ ನೋಡಿ w ತಿರುಗಿಸುವ ಟೊಫೋಲಿ, ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. yಗೆ ಮೊದಲ ಸಲ wx₃ ಕೂಡಿತು. ಎರಡನೆಯ ಸಲ (w ⊕ x₁x₂)x₃ ಕೂಡಿತು. ಎರಡನ್ನೂ ಸೇರಿಸಿದರೆ wx₃ ಎರಡು ಬಾರಿ ಬಂದು ತಾನೇ ಅಳಿದುಹೋಗುತ್ತದೆ, x₁x₂x₃ ಮಾತ್ರ ಉಳಿಯುತ್ತದೆ. wಗೂ x₁x₂ ಎರಡು ಬಾರಿ ಕೂಡಿದ್ದರಿಂದ ಅದು ತಂದಾಗ ಇದ್ದಂತೆಯೇ ಹಿಂದಿರುಗುತ್ತದೆ, ಅದು ಬೇರೆ ಕ್ಯೂಬಿಟ್‌ಗಳೊಂದಿಗೆ ಹೆಣೆದುಕೊಂಡಿದ್ದರೂ ಸರಿ. ಮೂರರ ಬದಲು ನಾಲ್ಕು ಟೊಫೋಲಿ. ಖಾಲಿ ಜಾಗ ಇಲ್ಲದ್ದಕ್ಕೆ ತೆತ್ತ ಬೆಲೆ ಒಂದು ಗೇಟು.

ಓದುಗರು ಮೇಲಿನ ಪ್ರೋಗ್ರಾಮನ್ನು ಒಮ್ಮೆ ತಾವೇ ಓಡಿಸಿ ನೋಡಬೇಕು ಎಂದು ನನ್ನ ಆಸೆ. ಕ್ವಾಂಟಮ್ ಯಂತ್ರ ಬೇಕಿಲ್ಲ, ಲ್ಯಾಪ್‌ಟಾಪಿನ ಸಿಮ್ಯುಲೇಟರ್ ಸಾಕು. ಮೊದಲು ಇರುವಂತೆಯೇ ಓಡಿಸಿ x ಕ್ಯೂಬಿಟ್‌ಗಳನ್ನು ಅಳೆಯಿರಿ. ಸಾವಿರ ಸಲಕ್ಕೆ ಸುಮಾರು 780 ಸಲ 111 ಬರುತ್ತದೆ. ಆಮೇಲೆ ಮೂರನೆಯ ccx ಸಾಲನ್ನು ತೆಗೆದು ಮತ್ತೆ ಓಡಿಸಿ. ಕ್ವಿಸ್ಕಿಟ್ ಬಿಟ್‌ಗಳನ್ನು ಬಲದಿಂದ ಎಡಕ್ಕೆ ಬರೆಯುವುದರಿಂದ ನಮ್ಮ 110 ಪರದೆಯ ಮೇಲೆ 011 ಎಂದು ಕಾಣುತ್ತದೆ. ಅದಕ್ಕೂ 111ಕ್ಕೂ ಆಗ ಹೆಚ್ಚುಕಡಿಮೆ ನಾನೂರರಂತೆ ಸಿಗುತ್ತದೆ.